ಕ್ವಾರಿ ಪಾಲುದಾರಿಕೆ: ಗುಂಡಿ ಮುಚ್ಚುವ ಖರ್ಚು ಸೇರಿಸಿದರೆ ಎಕ್ಸೆಲ್ ಎರಡು ಉತ್ತರ ಕೊಡುತ್ತಿದೆ, ಯಾವುದನ್ನು ನಂಬೋದು?

ತೆಂಗಿನತೋಟ_ಅರಸೀಕೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಾವ ಅರಸೀಕೆರೆ ಹತ್ತಿರ ಒಂದು ಜಲ್ಲಿ ಕಲ್ಲಿನ ಕ್ವಾರಿ ಶುರು ಮಾಡ್ತಿದ್ದಾರೆ. ನನ್ನನ್ನೂ ಪಾಲಿಗೆ ಕರೆದಿದ್ದಾರೆ. ಜಮೀನು ಬೇರೆಯವರದು, ಐದು ವರ್ಷದ ಗುತ್ತಿಗೆ. ಮೊದಲು 1 ಕೋಟಿ ಹಾಕಬೇಕು. ಆಮೇಲೆ ನಾಲ್ಕು ವರ್ಷ ಎಲ್ಲ ಖರ್ಚು ಕಳೆದು ವರ್ಷಕ್ಕೆ 80 ಲಕ್ಷ ಉಳಿಯುತ್ತದಂತೆ. ಆದರೆ ಕರಾರಿನಲ್ಲಿ ಒಂದು ಸಾಲಿದೆ: ಐದನೇ ವರ್ಷ ಗುಂಡಿ ಮುಚ್ಚಿ, ಮೇಲೆ ಮಣ್ಣು ಹಾಕಿ, ಸಮ ಮಾಡಿ ಜಮೀನು ವಾಪಸ್ ಕೊಡಬೇಕು. ಅದಕ್ಕೆ ಒಬ್ಬರು 2 ಕೋಟಿ 30 ಲಕ್ಷ ಅಂದಾಜು ಕೊಟ್ಟಿದ್ದಾರೆ.

ಹಾಕಿದ ದುಡ್ಡಿಗೆ ವರ್ಷಕ್ಕೆ ಎಷ್ಟು ಪರ್ಸೆಂಟ್ ಬರುತ್ತೆ ಅಂತ ಹೇಳುವ ಐಆರ್‌ಆರ್ ಸೂತ್ರದಲ್ಲಿ ನೋಡೋಣ ಅಂತ ಇದನ್ನು ಲಕ್ಷದ ಲೆಕ್ಕದಲ್ಲಿ ಎಕ್ಸೆಲ್‌ಗೆ ಹಾಕಿದೆ:

```
B2   -100
B3     80
B4     80
B5     80
B6     80
B7   -230

=IRR(B2:B7)        3%
=IRR(B2:B7,0.5)   47%
```

ಮೊದಲನೆಯದು ನಾನು ಹಾಕಿದ್ದು. ಎರಡನೆಯದು ಬಾವನ ಮಗ ಹಾಕಿದ್ದು. ಅವನು ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾನೆ. ಬಾವ "47 ಪರ್ಸೆಂಟ್ ಕಣಯ್ಯಾ" ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದಾರೆ. ಯಾವುದು ಸರಿ?

ಜಲ್ಲಿಕಲ್ಲು

ಒಂದು ಕೋಟಿ ಹಾಕಿ ನಾಲ್ಕು ವರ್ಷದಲ್ಲಿ 3 ಕೋಟಿ 20 ಲಕ್ಷ ಬರುತ್ತೆ ಅಂದ್ರೆ ಕಣ್ಣು ಮುಚ್ಚಿ ಹಾಕಿ ಸಾರ್. ಗುಂಡಿ ಯಾರು ಮುಚ್ತಾರೆ? ನಾನು 14 ವರ್ಷದಿಂದ ಟಿಪ್ಪರ್ ಓಡಿಸ್ತಿದ್ದೀನಿ, ಒಂದು ಗುಂಡಿಯನ್ನೂ ಪೂರ್ತಿ ಮುಚ್ಚಿದ್ದು ನೋಡಿಲ್ಲ.

ಬೇಲೂರಿನವಳು

ನಮ್ಮ ಸೈಟಿನಲ್ಲೂ ಇದೇ ಸಮಸ್ಯೆ. ಪಕ್ಕದವರು ಮನೆ ಪಾಯ ತೆಗೆಯುವಾಗ ನಮ್ಮ ಸೈಟಿನ ಮಣ್ಣೂ ಜರಿದು ಹೋಯಿತು. ಮುಚ್ಚಿ ಕೊಡ್ತೀವಿ ಅಂದವರು ಒಂದು ವರ್ಷದಿಂದ ಕಾಣಿಸ್ತಿಲ್ಲ. ಯಾರಿಗೆ ದೂರು ಕೊಡಬೇಕು ಅಂತ ಗೊತ್ತಿರುವವರು ಹೇಳಿ.

ಲೆಕ್ಕದಮೇಷ್ಟ್ರು

ಬೇಲೂರಿನ ಮೇಡಂ, ನಿಮ್ಮದು ಬೇರೆ ವಿಷಯ. ಪುರಸಭೆಗೆ ಬರೆದುಕೊಡಿ, ಇಲ್ಲಿ ಬೇಡ.

ಪ್ರಶ್ನೆ ಕೇಳಿದವರಿಗೆ: ಎರಡೂ ಸರಿ, ಅದೇ ತೊಂದರೆ. ಸಾಮಾನ್ಯ ವ್ಯವಹಾರದಲ್ಲಿ ದುಡ್ಡು ಒಮ್ಮೆ ಹೋಗುತ್ತೆ, ಆಮೇಲೆ ಬರ್ತಾನೇ ಇರುತ್ತೆ. ನಿಮ್ಮದರಲ್ಲಿ ಹೋಗುತ್ತೆ, ಬರುತ್ತೆ, ಮತ್ತೆ ಹೋಗುತ್ತೆ. ಮುಂದಿನ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸುವಾಗ ಬಡ್ಡಿ ದರ ಕಡಿಮೆ ಹಿಡಿದರೆ ಕೊನೆಯ 230 ದೊಡ್ಡದಾಗಿ ಕಾಣುತ್ತೆ, ಲೆಕ್ಕ ಮೈನಸ್. ದರ ತುಂಬಾ ಜಾಸ್ತಿ ಹಿಡಿದರೆ ಕೊನೆಯ 230 ಕರಗಿಹೋಗುತ್ತೆ, ನಡುವಿನ 80ಗಳೂ ಸಣ್ಣದಾಗುತ್ತವೆ, ಮೊದಲು ಹಾಕಿದ 100 ಮಾತ್ರ ಹಾಗೇ ನಿಲ್ಲುತ್ತೆ. ಮತ್ತೆ ಮೈನಸ್. ನಡುವೆ ಮಾತ್ರ ಪ್ಲಸ್. ಐಆರ್‌ಆರ್ ಅಂದರೆ ಈ ಲೆಕ್ಕ ಸೊನ್ನೆ ಆಗುವ ದರ. ನಿಮ್ಮದು ಸೊನ್ನೆಯನ್ನು ಎರಡು ಕಡೆ ದಾಟುತ್ತೆ, 3.4ರ ಹತ್ತಿರ ಒಂದು ಸಲ, 47ರ ಹತ್ತಿರ ಇನ್ನೊಂದು ಸಲ. ಎಕ್ಸೆಲ್ ನೀವು ಎಲ್ಲಿಂದ ಹುಡುಕು ಅಂತೀರೋ ಅದರ ಮೇಲೆ ಒಂದನ್ನು ತಂದುಕೊಡುತ್ತೆ. ಏನೂ ಹೇಳದಿದ್ದರೆ 10 ಪರ್ಸೆಂಟ್‌ನಿಂದ ಹುಡುಕುತ್ತೆ, ಅದಕ್ಕೇ ನಿಮಗೆ 3 ಬಂತು.

ಎಕ್ಸೆಲ್ ಬಿಟ್ಟು ಒಮ್ಮೆ ಸುಮ್ನೆ ಕೂಡಿಸಿ ನೋಡಿ. ಬಂದದ್ದು 320, ಹೋದದ್ದು 330. ಹತ್ತು ಲಕ್ಷ ಕೈಬಿಟ್ಟ ವ್ಯವಹಾರಕ್ಕೆ 47 ಪರ್ಸೆಂಟ್ ಲಾಭ ಅಂತ ಊರಲ್ಲಿ ಡಂಗುರ ಹೊಡೆಸುತ್ತಿದ್ದಾರೆ ನಿಮ್ಮ ಬಾವ.

ತೆಂಗಿನತೋಟ_ಅರಸೀಕೆರೆ

ಅಯ್ಯೋ, ಅದನ್ನು ಕೂಡಿಸಿ ನೋಡಲೇ ಇಲ್ಲ ಮೇಷ್ಟ್ರೇ.

ಬ್ಯಾಂಕ್_ಹುಡುಗ

ಬಾವನ ಮಗ ನಾನೇ, ಮಾವ ಲಿಂಕ್ ಕಳಿಸಿದರು. 😀 ಸುಮ್ನೆ ಕೂಡಿಸೋದು ಸರಿಯಾದ ಲೆಕ್ಕ ಅಲ್ಲ ಸಾರ್. ಇವತ್ತಿನ 80, ಐದನೇ ವರ್ಷದ 80 ಎರಡೂ ಒಂದೇನಾ? ಬ್ಯಾಂಕ್ ಸಾಲ 12 ಪರ್ಸೆಂಟ್‌ಗೆ ಸಿಗುತ್ತೆ. 12ರ ದರದಲ್ಲಿ ಇಳಿಸಿ ನೋಡಿ, ಇವತ್ತಿನ ಬೆಲೆಯಲ್ಲಿ 12 ಲಕ್ಷದ ಮೇಲೆ ಪ್ಲಸ್ ಬರುತ್ತೆ. ಐಆರ್‌ಆರ್ ಎರಡು ಬಂದಾಗ ಅದನ್ನು ಬಿಟ್ಟು ಹೀಗೇ ನೋಡಬೇಕು ಅಂತ ಎಲ್ಲ ಪುಸ್ತಕದಲ್ಲೂ ಇದೆ. ಅಥವಾ ಹೋಗುವ ದುಡ್ಡಿಗೆ 12, ಬರುವ ದುಡ್ಡಿಗೆ 7 ಅಂತ ಬೇರೆ ಬೇರೆ ದರ ಹಿಡಿದು `=MIRR(B2:B7,12%,7%)` ಹಾಕಿ. ಒಂದೇ ಉತ್ತರ ಬರುತ್ತೆ, 10.5 ಪರ್ಸೆಂಟ್. ಎಫ್‌ಡಿಗಿಂತ ಮೇಲು.

ಲೆಕ್ಕದಮೇಷ್ಟ್ರು

47 ಅಂದವನು 10.5ಕ್ಕೆ ಇಳಿದೆಯಲ್ಲಪ್ಪಾ, ಪರವಾಗಿಲ್ಲ. ಈಗ ಅದೇ ಸೂತ್ರದಲ್ಲಿ 12 ತೆಗೆದು 7 ಹಾಕು. 7.6 ಬರುತ್ತೆ. ವ್ಯವಹಾರ ಅದೇ, ಗುಂಡಿ ಅದೇ, ನೀನು ಒಳಗೆ ಹಾಕಿದ ದರ ಮಾತ್ರ ಬದಲಾಯಿತು.

ಗಣಿ_ನಿವೃತ್ತ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. 31 ವರ್ಷ ಗಣಿ ಯೋಜನೆಗಳ ಲೆಕ್ಕ ಮಾಡಿದವನು ನಾನು, ಈಗ ಹಾಸನದಲ್ಲಿ ಮೊಮ್ಮಕ್ಕಳ ಜೊತೆ ಇದ್ದೇನೆ.

ಹುಡುಗ ಹೇಳಿದ್ದು ಅರ್ಧ ಸರಿ. ಇಂಥ ಕಡೆ ಐಆರ್‌ಆರ್ ಬಿಡಬೇಕು ಅನ್ನೋದು ನಿಜ. ಆದರೆ 12ರ ದರದಲ್ಲಿ ಇಳಿಸಿದಾಗ ಅದರೊಳಗೆ ಒಂದು ಮಾತು ಅಡಗಿರುತ್ತೆ: ನಡುವೆ ಕೈಗೆ ಬಂದ ದುಡ್ಡೂ 12 ಪರ್ಸೆಂಟ್ ದುಡಿಯುತ್ತೆ ಅಂತ. ದರ ಬಿಡಿ, ದುಡ್ಡು ಎಲ್ಲೆಲ್ಲಿ ಇರುತ್ತೆ ಅಂತ ವರ್ಷ ವರ್ಷ ನೋಡೋಣ.

ನೂರು ಲಕ್ಷ 12ಕ್ಕೆ ಸಾಲ ತಂದಿರಿ ಅಂದುಕೊಳ್ಳಿ. ವರ್ಷದ ಕೊನೆಗೆ ಅದು 112. 80 ಕಟ್ಟಿದಿರಿ, ಉಳಿದದ್ದು 32. ಎರಡನೇ ವರ್ಷ ಅದು 35.84 ಆಗುತ್ತೆ. ಬಂದ 80ರಲ್ಲಿ ಅದನ್ನು ತೀರಿಸಿದಿರಿ. ಸಾಲ ಮುಗಿಯಿತು, ಕೈಯಲ್ಲಿ 44.16 ಲಕ್ಷ ಉಳಿಯಿತು.

ಇಲ್ಲಿಗೆ ಎರಡೇ ವರ್ಷ. ಇಲ್ಲಿಂದ ಮುಂದೆ ನೀವು ದುಡ್ಡು ಹಾಕಿದವರಲ್ಲ, ಸಾಲ ತಗೊಂಡವರು. ಯಾರಿಂದ? ಗುಂಡಿಯಿಂದ. ಕೈಯಲ್ಲಿರುವ 44 ನಿಮ್ಮದಲ್ಲ, ಐದನೇ ವರ್ಷ ಗುಂಡಿಗೆ ವಾಪಸ್ ಕೊಡಬೇಕಾದದ್ದು. ಕೊಡಲೇಬೇಕಾದ ದುಡ್ಡನ್ನು ಯಾರೂ ಇನ್ನೊಂದು ಕ್ವಾರಿಗೆ ಹಾಕಿ ಆಟ ಆಡಬಾರದು, ಎಫ್‌ಡಿಯಲ್ಲಿ ಇಡಬೇಕು. 7 ಪರ್ಸೆಂಟ್ ಹಿಡಿಯಿರಿ. ಮೂರನೇ ವರ್ಷದ ಕೊನೆಗೆ ಬಡ್ಡಿ ಮತ್ತು ಹೊಸ 80 ಸೇರಿ 127.25. ನಾಲ್ಕನೇ ವರ್ಷ 216.16. ಐದನೇ ವರ್ಷ ಬಡ್ಡಿ ಮಾತ್ರ, 231.29. ಅದರಲ್ಲಿ 230 ಗುಂಡಿಗೆ.

ಉಳಿದದ್ದು 1 ಲಕ್ಷ 29 ಸಾವಿರ. ಐದು ವರ್ಷ ಧೂಳು ಕುಡಿದದ್ದಕ್ಕೆ.

ಜಲ್ಲಿಕಲ್ಲು

🙏🙏 ನನ್ನ ಟಿಪ್ಪರ್ ಟೈರ್ ಒಂದು ಜೊತೆಗೂ ಸಾಲಲ್ಲ ಅದು.

ಬ್ಯಾಂಕ್_ಹುಡುಗ

ಸಾರ್, ಹಾಗಾದರೆ 47 ಎಲ್ಲಿಂದ ಬಂತು? ಎಕ್ಸೆಲ್ ಸುಳ್ಳು ಹೇಳಲ್ವಲ್ಲ.

ಗಣಿ_ನಿವೃತ್ತ

ಸುಳ್ಳು ಹೇಳಿಲ್ಲ. ಸಾಲಕ್ಕೂ 47.35, ಉಳಿದ ದುಡ್ಡಿಗೂ 47.35 ಹಿಡಿದು ನಾನು ಮಾಡಿದ ಲೆಕ್ಕವನ್ನೇ ನೀನು ಮಾಡು. ನಾಲ್ಕನೇ ವರ್ಷದ ಕೊನೆಗೆ ಕೈಯಲ್ಲಿ ಸುಮಾರು 1 ಕೋಟಿ 56 ಲಕ್ಷ ಇರುತ್ತೆ. ಅದು ಒಂದೇ ವರ್ಷದಲ್ಲಿ 2 ಕೋಟಿ 30 ಲಕ್ಷ ಆಗಬೇಕು, ಆಗ ಸೊನ್ನೆಗೆ ಸೊನ್ನೆ ಸರಿಹೋಗುತ್ತೆ. ಅಂಥ ಬ್ಯಾಂಕ್ ನಿಂದೇ ಇದ್ದರೆ ಹೇಳು, ನನ್ನ ಪಿಂಚಣಿ ದುಡ್ಡೂ ತರ್ತೀನಿ.

ಕಾಫಿಕಣ_ಮೂಡಿಗೆರೆ

ಒಂದು ಅನುಮಾನ. 2 ಕೋಟಿ 30 ಲಕ್ಷ ಯಾಕೆ ಅಷ್ಟು? ಎಷ್ಟು ದೊಡ್ಡ ಗುಂಡಿ?

ತೆಂಗಿನತೋಟ_ಅರಸೀಕೆರೆ

ಒಂದು ಎಕರೆ, 15 ಮೀಟರ್ ಆಳ. ತುಂಬಿಸೋದಕ್ಕೆ ಘನ ಮೀಟರಿಗೆ 350 ರೂಪಾಯಿ ಹೇಳಿದ್ದಾರೆ, ಲೋಡಿಂಗ್, ಸಾಗಣೆ ಎಲ್ಲ ಸೇರಿ. ಮೇಲ್ಮಣ್ಣು, ಬೇಲಿ, ಗಿಡ ಅಂತ ಇನ್ನೊಂದು 18 ಲಕ್ಷ.

ಕಾಫಿಕಣ_ಮೂಡಿಗೆರೆ

ಎಕರೆಗೆ 4,047 ಚದರ ಮೀಟರ್, 15ರಿಂದ ಗುಣಿಸಿದರೆ 60,700 ಘನ ಮೀಟರ್. 350ರಂತೆ 2 ಕೋಟಿ 12 ಲಕ್ಷ. ಸರಿ, ಲೆಕ್ಕ ಕೂಡುತ್ತೆ. ಟಿಪ್ಪರ್‌ಗೆ 10 ಘನ ಮೀಟರ್ ಅಂದರೆ ಆರು ಸಾವಿರ ಲೋಡು! ದಿನಕ್ಕೆ 40 ಲೋಡ್ ಹೊಡೆದರೂ ಐದು ತಿಂಗಳು.

ಜಲ್ಲಿಕಲ್ಲು

ಅಣ್ಣ, ಮಳೆಗಾಲದಲ್ಲಿ 40 ಕನಸು. ಅಲ್ಲದೆ ಆರು ಸಾವಿರ ಲೋಡ್ ಮಣ್ಣು ಎಲ್ಲಿಂದ ತರ್ತೀರಾ? ಜಲ್ಲಿ ಕ್ವಾರಿಯಲ್ಲಿ ಕಲ್ಲೆಲ್ಲ ಮಾರಾಟ ಆಗುತ್ತೆ, ಮೇಲಿನ ಮಣ್ಣು ಒಂದೆರಡು ಮೀಟರ್ ಅಷ್ಟೆ. ಹೊರಗಿಂದ ತರೋ ಮಣ್ಣಿಗೂ ಪರ್ಮಿಟ್ ಬೇಕು, ರಾಜಧನ ಕಟ್ಟಬೇಕು. 350ರಲ್ಲಿ ಅದು ಸೇರಿದೆಯಾ ಕೇಳಿ. ಒಂದು ಗುಂಡಿ ಮುಚ್ಚೋಕೆ ಇನ್ನೊಂದು ಗುಂಡಿ ತೋಡಬೇಕು, ಅದನ್ನು ಯಾರು ಮುಚ್ತಾರೆ. 😂

ಇನ್ನೊಂದು, 15 ಮೀಟರ್ ನೇರ ಗೋಡೆ ಬಿಡೋ ಹಾಗಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬೆಂಚ್ ಬಿಡಬೇಕು. ಹಾಗಾಗಿ ಎಕರೆ ಪೂರ್ತಿ ಆಳಕ್ಕೆ ಹೋಗಲ್ಲ. ತುಂಬೋದೂ ಕಡಿಮೆ, ಆದರೆ ಸಿಗೋ ಕಲ್ಲೂ ಕಡಿಮೆ. ನಿಮ್ಮ ಬಾವನ 80 ಲಕ್ಷವೇ ನನಗೆ ಅನುಮಾನ.

ತೆಂಗಿನತೋಟ_ಅರಸೀಕೆರೆ

ಈಗ ಕೇಳಿದೆ. ರಾಜಧನ ಸೇರಿಲ್ಲವಂತೆ.

ಗಣಿ_ನಿವೃತ್ತ

ಅದಕ್ಕಿಂತ ಮುಖ್ಯ ಪ್ರಶ್ನೆ: 350 ಯಾವ ವರ್ಷದ ದರ? ಇವತ್ತಿನದೋ, ಐದು ವರ್ಷದ ಮೇಲಿನದೋ?

ತೆಂಗಿನತೋಟ_ಅರಸೀಕೆರೆ

ಇವತ್ತಿನದು ಸಾರ್.

ಗಣಿ_ನಿವೃತ್ತ

ಹಾಗಾದರೆ ಆಟ ಮುಗಿಯಿತು. ನೀವು ಬಡ್ಡಿ ಹಿಡಿದದ್ದು ಐದು ವರ್ಷದ ಮುಂದಿನ ರೂಪಾಯಿಗೆ, ಖರ್ಚು ಹಿಡಿದದ್ದು ಇವತ್ತಿನ ರೂಪಾಯಿಯಲ್ಲಿ. ಈ ತಪ್ಪನ್ನು ದೊಡ್ಡ ದೊಡ್ಡ ಯೋಜನಾ ವರದಿಗಳಲ್ಲೂ ಕಂಡಿದ್ದೇನೆ. ಗುಂಡಿ ಮುಚ್ಚುವ ಖರ್ಚು ಅಂದರೆ ಹೆಚ್ಚಿನದು ಡೀಸೆಲ್, ಡ್ರೈವರ್ ಸಂಬಳ, ಯಂತ್ರದ ಬಾಡಿಗೆ. ವರ್ಷಕ್ಕೆ ಬರೀ 5 ಪರ್ಸೆಂಟ್ ಏರಿದರೂ 230 ಐದನೇ ವರ್ಷಕ್ಕೆ 293 ದಾಟುತ್ತೆ. ಕೈಯಲ್ಲಿ 231. ಅಂದರೆ 62 ಲಕ್ಷ ಜೇಬಿನಿಂದ, ಕ್ವಾರಿಯಲ್ಲಿ ಒಂದು ಕಲ್ಲೂ ಉಳಿಯದ ವರ್ಷದಲ್ಲಿ.

ಬ್ಯಾಂಕ್_ಹುಡುಗ

ಜಲ್ಲಿ ರೇಟೂ ಏರುತ್ತಲ್ವಾ ಸಾರ್? ಖರ್ಚು ಮಾತ್ರ ಏರಿಸೋದು ನ್ಯಾಯ ಅಲ್ಲ.

ಗಣಿ_ನಿವೃತ್ತ

ಒಪ್ಪಿದೆ. ಅದನ್ನೂ ಏರಿಸು, ಲೆಕ್ಕ ಸ್ವಲ್ಪ ಸುಧಾರಿಸುತ್ತೆ. ಆದರೆ ಜಲ್ಲಿ ಮಾರುವಾಗಿನ ಖರ್ಚೂ ಡೀಸೆಲ್ಲೇ, 80 ಅನ್ನೋದು ಅದನ್ನು ಕಳೆದ ಮೇಲೆ ಉಳಿದದ್ದು. ರೇಟ್ ಏರಿದಷ್ಟೂ ಉಳಿಕೆ ಏರುತ್ತೆ ಅಂತ ಯಾರೂ ಬರೆದುಕೊಡಲ್ಲ. ಪಕ್ಕದಲ್ಲಿ ಇನ್ನೊಂದು ಕ್ರಷರ್ ಬಂದರೆ ರೇಟ್ ಇಳಿಯಲೂಬಹುದು. ಗುಂಡಿ ಮುಚ್ಚುವ ಖರ್ಚು ಮಾತ್ರ ಯಾರ ಜೊತೆಗೂ ಪೈಪೋಟಿಗೆ ಬಿದ್ದು ಇಳಿಯಲ್ಲ. ಬರುವ ದುಡ್ಡು ಅನುಮಾನ, ಹೋಗುವ ದುಡ್ಡು ಖಚಿತ. ಎರಡಕ್ಕೂ ಒಂದೇ ದರ ಹಿಡಿದು ಇಳಿಸೋದೇ ತಪ್ಪು. ಖಚಿತವಾಗಿ ಹೋಗುವುದನ್ನು ಎಫ್‌ಡಿ ದರದಲ್ಲಿ ಇಳಿಸಬೇಕು.

ಲೆಕ್ಕದಮೇಷ್ಟ್ರು

ಇದರ ಬಗ್ಗೆ ನನಗೆ ಭಿನ್ನಾಭಿಪ್ರಾಯ ಇದೆ. ಒಂದೇ ಯೋಜನೆಗೆ ಎರಡು ದರ ಹಿಡಿದರೆ ಯಾರು ಬೇಕಾದರೂ ತಮಗೆ ಬೇಕಾದ ಉತ್ತರ ತೆಗೀಬಹುದು. ನನ್ನ ಪ್ರಕಾರ ನೀವು ಮೇಲೆ ಮಾಡಿದ ವರ್ಷ ವರ್ಷದ ಲೆಕ್ಕವೇ ಸಾಕು.

ಗಣಿ_ನಿವೃತ್ತ

ಆ ಲೆಕ್ಕದಲ್ಲೂ ಎರಡು ದರ ಇತ್ತಲ್ಲ ಮೇಷ್ಟ್ರೇ, ಸಾಲಕ್ಕೆ 12, ಎಫ್‌ಡಿಗೆ 7.

ಲೆಕ್ಕದಮೇಷ್ಟ್ರು

ಅದು ಬೇರೆ. ನಾಳೆ ಹೇಳ್ತೀನಿ.

ತೆರಿಗೆ_ಚಿಕ್ಕಮಗಳೂರು

ಯಾರೂ ಆದಾಯ ತೆರಿಗೆ ಮಾತೇ ಎತ್ತಿಲ್ಲ. ಮೊದಲ ನಾಲ್ಕು ವರ್ಷ ಲಾಭಕ್ಕೆ ತೆರಿಗೆ ಕಟ್ಟುತ್ತೀರಿ, ಪಾಲುದಾರಿಕೆ ಸಂಸ್ಥೆಗೆ 30 ಪರ್ಸೆಂಟ್ ದರ. ಐದನೇ ವರ್ಷ ಗುಂಡಿ ಮುಚ್ಚಿ 2 ಕೋಟಿ ಚಿಲ್ಲರೆ ನಷ್ಟ ತೋರಿಸ್ತೀರಿ. ಆ ನಷ್ಟವನ್ನು ಹಿಂದಿನ ವರ್ಷಗಳ ಲಾಭದಿಂದ ಕಳೆದು ತೆರಿಗೆ ವಾಪಸ್ ಕೇಳೋಕೆ ನಮ್ಮ ದೇಶದಲ್ಲಿ ದಾರಿಯಿಲ್ಲ. ಮುಂದಿನ ವರ್ಷಗಳಿಗೆ ಮಾತ್ರ ಒಯ್ಯಬಹುದು. ಮುಂದಿನ ವರ್ಷ ಕ್ವಾರಿಯೇ ಇರಲ್ಲ. ಒಂದೇ ಕ್ವಾರಿ ಇರುವವರಿಗೆ ಇದು ದೊಡ್ಡ ಹೊಡೆತ. ಅದೇ ಸಂಸ್ಥೆಗೆ ಇನ್ನೊಂದು ಕ್ವಾರಿ ನಡೀತಿದ್ದರೆ ಅದರ ಲಾಭಕ್ಕೆ ಹೊಂದಿಸಬಹುದು. ಎಫ್‌ಡಿ ಬಡ್ಡಿಗೂ ತೆರಿಗೆ ಇದೆ, ಅದನ್ನೂ ಮರೀಬೇಡಿ.

ಗಣಿ_ನಿವೃತ್ತ

ಹೌದು, ಒಳ್ಳೇ ಮಾತು. ನನ್ನ 1 ಲಕ್ಷ 29 ಸಾವಿರವೂ ಹೋಯಿತು.

ಕಳಸದಿಂದ

ನಮ್ಮ ಕಡೆ ಕುದುರೆಮುಖ ನೋಡಿ. ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ಹೋಯಿತು, ಲಕ್ಯಾ ಅಣೆಕಟ್ಟಿನ ಹಿಂದೆ ಹೂಳು ಹಾಗೇ ಕೂತಿದೆ. ಮಳೆಗಾಲ ಪ್ರತಿ ವರ್ಷ ಬರುತ್ತೆ, ಕಟ್ಟೆ ನೋಡ್ಕೊಳ್ಳೋರು ಪ್ರತಿ ವರ್ಷ ಬೇಕು. ನೀವೆಲ್ಲ "ಕೊನೆಯ ವರ್ಷದ ಖರ್ಚು" ಅಂತಿದ್ದೀರಿ. ಕೊನೆಯ ವರ್ಷ ಅಂತ ಒಂದು ಇರುತ್ತಾ?

ಕಾಫಿಕಣ_ಮೂಡಿಗೆರೆ

ಆ ಗುಡ್ಡ ನೋಡುತ್ತಾ ಬೆಳೆದವನು ನಾನು. ಈಗ ಅಲ್ಲಿ ಹುಲ್ಲು ಬಂದಿದೆ ಅಂತ ಪ್ರವಾಸಿಗರು ಫೋಟೋ ಹಾಕ್ತಾರೆ. ಸರಿ, ವಿಷಯ ಬಿಟ್ಟು ಹೋಗೋದು ಬೇಡ.

ಹೊಳೆನರಸೀಪುರ_ಗದ್ದೆ

ನಾನು ಆ ಕಡೆಯವನು, ಅಂದರೆ ಜಮೀನು ಕೊಟ್ಟವನು. ಹನ್ನೊಂದು ವರ್ಷದ ಹಿಂದೆ ಎರಡು ಎಕರೆ ಕ್ವಾರಿಗೆ ಕೊಟ್ಟೆ. ನಮ್ಮ ಕರಾರಿನಲ್ಲೂ "ಯಥಾಸ್ಥಿತಿಗೆ ತಂದು ಒಪ್ಪಿಸತಕ್ಕದ್ದು" ಅಂತ ಚೆನ್ನಾಗಿ ಬರೆದಿತ್ತು. ನಾಲ್ಕನೇ ವರ್ಷ ಒಳ್ಳೆ ಕಲ್ಲು ಮುಗಿಯಿತು. ಒಂದು ಭಾನುವಾರ ಹಿಟಾಚಿ ಹೋಯಿತು, ಸೋಮವಾರ ಶೆಡ್ ಬಿಚ್ಚಿದರು. ಆಮೇಲೆ ಫೋನ್ ಎತ್ತಲಿಲ್ಲ. ಈಗ ಗುಂಡಿ ತುಂಬಾ ನೀರು. ಪಹಣಿಯಲ್ಲಿ ಎರಡು ಎಕರೆ ಇದೆ, ಉಳೋಕೆ ಏನೂ ಇಲ್ಲ. ಬೇಸಿಗೆಯಲ್ಲಿ ಹುಡುಗರು ಈಜೋಕೆ ಬರ್ತಾರೆ, ನಾನು ಕೋಲು ಹಿಡ್ಕೊಂಡು ಕಾಯ್ತೀನಿ.

ನಿಮ್ಮ 47 ಪರ್ಸೆಂಟ್ ನನಗೆ ಅರ್ಥ ಆಗಲ್ಲ. ಆದರೆ ಕೊನೆಯ ಸಾಲು ಅಳಿಸಿ ನೋಡಿ, ಲಾಭ ಎಷ್ಟು ಬರುತ್ತೆ ಅಂತ. ಬಿಟ್ಟು ಓಡಿಹೋಗೋರ ಲೆಕ್ಕ ಅದೇ.

ಗಣಿ_ನಿವೃತ್ತ

ಇವರು ಹೇಳಿದ್ದರಲ್ಲಿ ಎಲ್ಲ ಇದೆ. ಮೂರನೇ ವರ್ಷ ದುಡ್ಡು ಹಂಚಿಕೊಂಡು ಬಿಟ್ಟರೆ ಐದನೇ ವರ್ಷ ಓಡಿಹೋಗುವುದೇ ಲಾಭ. ನಂಬಿಕೆಯ ಪ್ರಶ್ನೆ ಅಲ್ಲ ಅದು. ಅದಕ್ಕೇ ಕಬ್ಬಿಣದ ಅದಿರಿನಂಥ ಪ್ರಧಾನ ಖನಿಜಗಳಿಗೆ ಕೇಂದ್ರದ ನಿಯಮದಲ್ಲಿ ಹೆಕ್ಟೇರಿಗೆ ಇಷ್ಟು ಅಂತ ಬ್ಯಾಂಕ್ ಗ್ಯಾರಂಟಿ ಮೊದಲೇ ಕೇಳ್ತಾರೆ. ಕಟ್ಟಡದ ಕಲ್ಲು ಉಪಖನಿಜ, ಅದಕ್ಕೆ ರಾಜ್ಯದ ನಿಯಮ ಬೇರೆ. ಎರಡರಲ್ಲೂ ಗುಂಡಿ ಪೂರ್ತಿ ತುಂಬಿಸುವಷ್ಟು ದುಡ್ಡು ಹಿಡಿದಿಡ್ತಾರೆ ಅಂದುಕೊಳ್ಳಬೇಡಿ.

ಜಮೀನು ಕೊಡುವವರು ಒಂದು ಮಾಡಬಹುದು. ಗುಂಡಿಯಿಂದ ಬರುವ ಕಲ್ಲು ಘನ ಮೀಟರಿಗೆ 2.6 ಟನ್ ಹಿಡಿದರೆ ಸುಮಾರು 1,58,000 ಟನ್. 230 ಲಕ್ಷವನ್ನು ಅದಕ್ಕೆ ಹಂಚಿದರೆ ಟನ್ನಿಗೆ 146 ರೂಪಾಯಿ. 20 ಟನ್ ಲೋಡಿಗೆ ಸುಮಾರು 2,900. ಅಷ್ಟು ದುಡ್ಡು ಪ್ರತಿ ಲೋಡಿನ ಜೊತೆ ಜಂಟಿ ಖಾತೆಗೆ ಬೀಳಬೇಕು, ಇಬ್ಬರ ಸಹಿ ಇಲ್ಲದೆ ತೆಗೆಯೋ ಹಾಗಿರಬಾರದು. ಕಲ್ಲು ಬೇಗ ಮುಗಿದರೂ ಅಷ್ಟರ ಮಟ್ಟಿಗಿನ ಗುಂಡಿಗೆ ದುಡ್ಡು ಇರುತ್ತೆ. ಹೀಗೆ ಮಾಡಿದರೆ ಕೊನೆಯ ವರ್ಷದ ಮೈನಸ್ಸೂ ಹೋಗುತ್ತೆ, ಐಆರ್‌ಆರ್ ಕೂಡ ಒಂದೇ ಬರುತ್ತೆ. ವರ್ಷಕ್ಕೆ 48 ಲಕ್ಷ 40 ಸಾವಿರ 7 ಪರ್ಸೆಂಟ್‌ಗೆ ಎತ್ತಿಟ್ಟರೆ ಐದನೇ ವರ್ಷ 230 ಆಗುತ್ತೆ. ಪಾಲುದಾರರಿಗೆ ಉಳಿಯೋದು ವರ್ಷಕ್ಕೆ 31 ಲಕ್ಷ 60 ಸಾವಿರ. 100ಕ್ಕೆ ನಾಲ್ಕು ವರ್ಷ 31.6 ಅಂದರೆ 10 ಪರ್ಸೆಂಟ್ ಚಿಲ್ಲರೆ. ಬ್ಯಾಂಕ್ ಸಾಲ 12. ಇಲ್ಲಿ ಯಾವುದೇ ಮರೆ ಇಲ್ಲ, ನೇರವಾಗಿ ಕಾಣುತ್ತೆ.

ಜಲ್ಲಿಕಲ್ಲು

ಲೋಡಿಗೆ 2,900 ಬೇರೆ ಎತ್ತಿಡಬೇಕು ಅಂದ್ರೆ ಒಬ್ಬನೂ ಕ್ವಾರಿ ಮಾಡಲ್ಲ ಸಾರ್.

ಹೊಳೆನರಸೀಪುರ_ಗದ್ದೆ

ಮಾಡಬೇಡಿ.

ಕಾಫಿಕಣ_ಮೂಡಿಗೆರೆ

ಸ್ವಲ್ಪ ಸ್ವಲ್ಪ ತೆಗೀತಾ ಹಿಂದಿನಿಂದ ಮುಚ್ಚುತ್ತಾ ಬರಬಹುದಲ್ವಾ? ಒಮ್ಮೆಗೇ ಖರ್ಚು ಬೀಳಲ್ಲ.

ಗಣಿ_ನಿವೃತ್ತ

ಉದ್ದಕ್ಕೆ ಹೋಗುವ ಗಣಿಯಲ್ಲಿ ಅದೇ ಸರಿಯಾದ ದಾರಿ. ಒಂದು ಎಕರೆಯಲ್ಲಿ ಆಗಲ್ಲ. ಕೆಳಗಿನ ನೆಲದ ಮೇಲೇ ಯಂತ್ರ ನಿಂತಿರುತ್ತೆ, ದಾರಿಯೂ ಅಲ್ಲೇ. ಕೊನೆಯ ದಿನದವರೆಗೆ ಗುಂಡಿ ಬೇಕು.

ಬೇರೆ ದಾರಿ ಒಂದಿದೆ. ಪೂರ್ತಿ ಮುಚ್ಚುವುದು ಬೇಡ, ಅಂಚು ಇಳಿಜಾರು ಮಾಡಿ, ಬೆಂಚ್ ಸರಿಮಾಡಿ, ಗಟ್ಟಿ ಬೇಲಿ ಹಾಕಿ ನೀರಿನ ಹೊಂಡವಾಗಿ ಬಿಡೋದು. ಖರ್ಚು ತುಂಬಾ ಕಡಿಮೆ. 60 ಲಕ್ಷವೇ ಆಯಿತು ಅನ್ನಿ, ಆಗ ಸುಮ್ನೆ ಕೂಡಿಸಿದರೂ 160 ಲಕ್ಷ ಪ್ಲಸ್. ಕೂಡಿಸಿದ ಮೊತ್ತವೇ ಪ್ಲಸ್ ಇರುವಾಗ ಈ ಲೆಕ್ಕದಲ್ಲಿ ಸೊನ್ನೆಗಿಂತ ಮೇಲೆ ಒಂದೇ ಐಆರ್‌ಆರ್ ಬರುತ್ತೆ, ಈ ಎರಡು ಉತ್ತರದ ಗೋಳು ಇಲ್ಲ. ಆದರೆ ಜಮೀನಿನವರು ಒಪ್ಪಬೇಕು, ಕರಾರು ಬದಲಾಗಬೇಕು. ಅವರ ಒಂದು ಎಕರೆ ಶಾಶ್ವತವಾಗಿ ಹೋಗುತ್ತೆ, ಅದಕ್ಕೆ ಬೆಲೆ ಕೊಡಬೇಕು.

ಬೇಲೂರಿನವಳು

ಹಾಗಾದರೆ ನಮ್ಮ ಸೈಟಿಗೂ ಮೊದಲೇ ದುಡ್ಡು ಹಿಡಿದಿಟ್ಟುಕೊಳ್ಳಬೇಕಿತ್ತು ಅಂತಾಯ್ತು.

ಲೆಕ್ಕದಮೇಷ್ಟ್ರು

ಮೇಡಂ, ಇಡೀ ಚರ್ಚೆಯಲ್ಲಿ ಸರಿಯಾಗಿ ಅರ್ಥ ಮಾಡಿಕೊಂಡವರು ನೀವೇ.

ತೆಂಗಿನತೋಟ_ಅರಸೀಕೆರೆ

ಎಲ್ಲರಿಗೂ ಧನ್ಯವಾದ. ಗಣಿ ಸಾರ್ ಮಾಡಿದ ವರ್ಷ ವರ್ಷದ ಲೆಕ್ಕವನ್ನು ಹಾಳೆಯಲ್ಲಿ ಬರೆದು ಬಾವನಿಗೆ ತೋರಿಸಿದೆ. ಐದು ನಿಮಿಷ ನೋಡಿದರು. "ಜಮೀನಿನವರು ನಮ್ಮ ದೂರದ ನೆಂಟರೇ, ಗುಂಡಿ ವಿಷಯ ಆಮೇಲೆ ಮಾತಾಡ್ಕೊಳ್ಳೋಣ" ಅಂದರು. ನಾನು ಹೊಂಡದ ಕರಾರು ಮೊದಲೇ ಆಗಲಿ, ಆಮೇಲೆ ದುಡ್ಡು ಅಂದೆ. ಅಕ್ಕ ಕಾಫಿ ತಂದುಕೊಟ್ಟು ಒಳಗೆ ಹೋದಳು, ಮಾತಾಡಲಿಲ್ಲ.

ಬ್ಯಾಂಕ್_ಹುಡುಗ

ಮಾವ, ಅಪ್ಪ ಇನ್ನೂ 47 ಅಂತಲೇ ಇದ್ದಾರೆ. ಆ ಶೀಟಿನಿಂದ 0.5 ತೆಗೆದಿದ್ದೀನಿ.

ಹೊಳೆನರಸೀಪುರ_ಗದ್ದೆ

ಆ ನೆಂಟರ ನಂಬರ್ ಇದ್ದರೆ ನನ್ನ ಗುಂಡಿ ನೋಡೋಕೆ ಒಮ್ಮೆ ಬರೋಕೆ ಹೇಳಿ.

ಲೆಕ್ಕದಮೇಷ್ಟ್ರು

ಗಣಿ ಸಾರ್, ಎರಡು ದರದ ವಿಷಯ ನಾನಿನ್ನೂ ಒಪ್ಪಿಲ್ಲ. ಬಿಡುವಿದ್ದಾಗ ಬರೀತೀನಿ.